ವಯಸ್ಸಾದವರ ಮೈಮೇಲೆ ನೀರುಗುಳ್ಳೆ ಎದ್ದರೆ ಅದು ಹುಳ ಮುಟ್ಟಿದ್ದೇ?

ಮೈಮೇಲೆ ನೀರುಗುಳ್ಳೆ ಕಂಡರೆ ‘ಹುಳ ಮುಟ್ಟಿರಬೇಕು’ ಎನ್ನುತ್ತೇವೆ. ಹಲವು ಸಲ ಅದು ನಿಜವೇ. ಆದರೆ 60 ದಾಟಿದವರಲ್ಲಿ ಹೀಗೆ ಅಂದುಕೊಂಡು ಸುಮ್ಮನಿದ್ದರೆ ಬುಲ್ಲಸ್ ಪೆಂಫಿಗಾಯ್ಡ್ ಎಂಬ ಕಾಯಿಲೆ ಕಣ್ತಪ್ಪಬಹುದು.

ಉದಾಹರಣೆಗೆ, ಕುಷ್ಟಗಿ ಕಡೆಯ 75 ವರ್ಷದ ಒಬ್ಬ ಅಜ್ಜ ಇದ್ದಾರೆ ಎಂದುಕೊಳ್ಳಿ. ದಿನವಿಡೀ ಸಲಿಕೆ ಹಿಡಿದು ಕೆಲಸ ಮಾಡಿದ ಮೇಲೆ ಅಂಗೈಯಲ್ಲಿ ಒಂದು ಬೊಬ್ಬೆ ಬಂತು. ಇದು ತಿಕ್ಕಾಟದ ಗುಳ್ಳೆ. ಉಜ್ಜಿದ ಜಾಗದಲ್ಲಷ್ಟೇ ಬರುತ್ತದೆ, ಒಂದು ವಾರದ ಆಸುಪಾಸಿನಲ್ಲಿ ಒಣಗುತ್ತದೆ.

ಮಳೆಗಾಲದ ರಾತ್ರಿ ದೀಪಕ್ಕೆ ಬಂದ ಸಣ್ಣ ಕೆಂಪು-ಕಪ್ಪು ಹುಳವೊಂದು ಅವರ ಕುತ್ತಿಗೆ ಮೇಲೆ ಕೂತಿತು, ಅವರು ಕೈಯಿಂದ ಒರೆಸಿದರು. ಮರುದಿನ ಅಲ್ಲಿ ಗೆರೆ ಎಳೆದಂತೆ ಕೆಂಪಾಗಿ ಉರಿ, ಆಮೇಲೆ ಸಣ್ಣ ಗುಳ್ಳೆಗಳು. ಪೀಡರಸ್ ಎಂಬ ಈ ಹುಳ ಕಚ್ಚುವುದಿಲ್ಲ. ಜಜ್ಜಿದಾಗ ಹೊರಬರುವ ರಸ ಚರ್ಮವನ್ನು ಸುಡುತ್ತದೆ. ಕೂಡಲೇ ಸೋಪು ಹಚ್ಚಿ ತೊಳೆದರೆ ಉರಿ ಕಡಿಮೆ. ಎರಡು ಮೂರು ವಾರದಲ್ಲಿ ಕಲೆ ಉಳಿಸಿ ವಾಸಿಯಾಗುತ್ತದೆ.

ಮೂರನೆಯದು ಬೇರೆ ಕಥೆ. ಎರಡು ತಿಂಗಳಿಂದ ಅಜ್ಜನಿಗೆ ನಿದ್ದೆಗೆಡಿಸುವ ತುರಿಕೆ, ಅಲ್ಲಲ್ಲಿ ಕೆಂಪು ದದ್ದು. ಆಮೇಲೆ ತೊಡೆ, ಹೊಟ್ಟೆ, ತೋಳುಗಳ ಮೇಲೆ ಎರಡೂ ಬದಿಗೆ ಬಿಗಿಯಾದ ದೊಡ್ಡ ಗುಳ್ಳೆಗಳು. ಮುಟ್ಟಿದರೆ ಸುಲಭಕ್ಕೆ ಒಡೆಯುವುದಿಲ್ಲ. ಬಟ್ಟೆಯೊಳಗಿನ ಮೈಗೂ ಬಂದಿವೆ, ಹಳೆಯವು ಒಣಗುವಾಗ ಹೊಸವು ಏಳುತ್ತಿವೆ. ಹುಳ ಮುಟ್ಟಿದ್ದು ಹೀಗೆ ವಾರಗಟ್ಟಲೆ ಹೊಸ ಜಾಗಕ್ಕೆ ಹರಡುವುದಿಲ್ಲ.

ಇಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ತಪ್ಪಿ, ಚರ್ಮದ ಮೇಲ್ಪದರವನ್ನು ಕೆಳಪದರಕ್ಕೆ ಅಂಟಿಸಿಡುವ ಪ್ರೋಟೀನ್‌ಗಳ ಮೇಲೆ ದಾಳಿ ಮಾಡುತ್ತದೆ. ಬಿಟ್ಟುಕೊಂಡ ಜಾಗದಲ್ಲಿ ನೀರು ತುಂಬುತ್ತದೆ. ಮೇಲ್ಪದರ ಇಡಿಯಾಗಿ ಎದ್ದಿರುವುದರಿಂದಲೇ ಗುಳ್ಳೆ ಅಷ್ಟು ಗಟ್ಟಿ. ಇದು ಅಂಟುರೋಗವಲ್ಲ, ಅಜ್ಜನ ತಟ್ಟೆ, ಹಾಸಿಗೆ ಬೇರೆ ಮಾಡಬೇಕಿಲ್ಲ. ಕೆಲವರಲ್ಲಿ ವಿಲ್ಡಾಗ್ಲಿಪ್ಟಿನ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆ ಇದನ್ನು ಕೆಣಕುತ್ತದೆ, ಅದೂ ಮಾತ್ರೆ ಶುರುವಾಗಿ ಎಷ್ಟೋ ತಿಂಗಳ ಮೇಲೆ. ಹಾಗಾಗಿ ವೈದ್ಯರ ಬಳಿ ಹೋಗುವಾಗ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ, ತಾವಾಗಿಯೇ ನಿಲ್ಲಿಸಬೇಡಿ.

ಖಚಿತಪಡಿಸಲು ಚರ್ಮರೋಗ ತಜ್ಞರು ಚರ್ಮದ ಎರಡು ಸಣ್ಣ ತುಣುಕು ತೆಗೆಯುತ್ತಾರೆ. ಒಂದು ಹೊಸ ಗುಳ್ಳೆಯದು. ಇನ್ನೊಂದು ಗುಳ್ಳೆಯ ಪಕ್ಕದ, ಗುಳ್ಳೆ ಏಳದ ಚರ್ಮದ್ದು. ‘ಗುಳ್ಳೆ ಬಿಟ್ಟು ಚೆನ್ನಾಗಿರೋ ಚರ್ಮ ಯಾಕೆ ಕತ್ತರಿಸಿದರು’ ಎಂದು ಮನೆಯವರು ಗಾಬರಿಯಾಗುವುದುಂಟು. ದಾಳಿಯ ಗುರುತು ಸ್ಪಷ್ಟವಾಗಿ ಸಿಗುವುದು ಅಲ್ಲೇ. ಈ ಎರಡನೇ ತುಣುಕನ್ನು ಫಾರ್ಮಾಲಿನ್‌ನಲ್ಲಿ ಹಾಕಿದರೆ ಪರೀಕ್ಷೆ ಕೆಡುತ್ತದೆ, ಅದಕ್ಕೆ ಬೇರೆಯೇ ದ್ರಾವಣ ಬೇಕು.

ಚಿಕಿತ್ಸೆಗೆ ಕ್ಲೋಬೆಟಸಾಲ್ ಮುಲಾಮು, ಡಾಕ್ಸಿಸೈಕ್ಲಿನ್ ಅಥವಾ ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರೆ. ಪ್ರಮಾಣವನ್ನು ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಸ್ಟೀರಾಯ್ಡ್‌ನಿಂದ ಸಕ್ಕರೆ ಏರುವುದರಿಂದ ಆಗಾಗ ರಕ್ತ ಪರೀಕ್ಷೆ ಆಗಬೇಕು. ಒಡೆದ ಗುಳ್ಳೆಗೆ ಸುಣ್ಣ, ಸೊಪ್ಪಿನ ರಸ ಹಚ್ಚಬೇಡಿ. ಕೀವು, ಜ್ವರ ಬಂದರೆ ಅಥವಾ ಬಾಯಲ್ಲೂ ಹುಣ್ಣಾಗಿ ಊಟ ಸೇರದಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.