ಬಾಟ್‌ಗಳ ಉತ್ತರ-ಸುತ್ತು

ತಾನಾಗಿ ಉತ್ತರಿಸುವ ಒಂದು ಪ್ರೋಗ್ರಾಂನ ಮಾತೇ ಇನ್ನೊಂದಕ್ಕೆ ಪ್ರಶ್ನೆಯಾಗಿ, ಅದರ ಉತ್ತರ ಮತ್ತೆ ಮೊದಲನೆಯದನ್ನು ಕೆಣಕುವ ಸ್ಥಿತಿ. ಗಂಗೊಳ್ಳಿ ಬಂದರಿನ ಮೀನು ವ್ಯಾಪಾರಿಗಳ ಗುಂಪೊಂದರಲ್ಲಿ ‘ಬಂಗುಡೆ’ ಎಂಬ ಪದ ಕಂಡಲ್ಲೆಲ್ಲ ದರ ಹೇಳುವ ಬಾಟ್ ಒಂದು, ದರದ ಮಾತನ್ನು ಕುಂದಗನ್ನಡಕ್ಕೆ ತಿರುಗಿಸುವ ಬಾಟ್ ಇನ್ನೊಂದು ಇವೆ ಎಂದಿಟ್ಟುಕೊಳ್ಳೋಣ. ತಿರುಗಿಸಿದ ಮಾತಿನಲ್ಲೂ ‘ಬಂಗುಡೆ’ ಇರುತ್ತದೆ, ಅಷ್ಟೇ ಸಾಕು. ಉತ್ತರವೊಂದಕ್ಕೆ ಒಂದು ಸೆಕೆಂಡ್ ಹಿಡಿದರೂ ಗಂಟೆಗೆ 3,600 ಸಂದೇಶ ಬೀಳುತ್ತವೆ, ಬ್ರಹ್ಮಾವರದ ಗಿರಾಕಿ ಕೇಳಿದ ನಿಜವಾದ ಪ್ರಶ್ನೆ ಅದರಡಿ ಹೂತುಹೋಗುತ್ತದೆ. ಎರಡೂ ಹೇಳಿದ ಕೆಲಸವನ್ನೇ ಮಾಡುತ್ತಿವೆ. ತಪ್ಪಿರುವುದು ಮಾತನಾಡಿದವರು ಯಾರೆಂದು ನೋಡದಿರುವುದರಲ್ಲಿ.

ತನ್ನ ಸಂದೇಶವನ್ನು ತಾನೇ ಕಡೆಗಣಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು, ಅದರಿಂದ ಒಂಟಿ ಬಾಟ್ ಸುಮ್ಮನಾಗುತ್ತದೆ, ಜೋಡಿ ಸುಮ್ಮನಾಗುವುದಿಲ್ಲ. ಎಲ್ಲ ಬಾಟ್‌ಗಳ ಸಂದೇಶಗಳನ್ನೂ ಕಡೆಗಣಿಸಬೇಕು. ಡಿಸ್ಕಾರ್ಡ್‌ನ ಪೈಥಾನ್ ಬಾಟ್‌ನಲ್ಲಿ ಇದಕ್ಕೆ ಎರಡೇ ಸಾಲು:

```
if message.author.bot:
    return
```

ಈ ವಿವೇಕ ಹಳೆಯದು. 1993ರ ಐಆರ್‌ಸಿ ನಿಯಮಾವಳಿ `NOTICE` ಎಂಬ ಬಗೆಯ ಸಂದೇಶಕ್ಕೆ ತಾನಾಗಿ ಉತ್ತರ ಕಳಿಸಲೇಬಾರದು ಎಂದಿತು. ಕೆಲವೊಮ್ಮೆ ಬಾಟ್‌ಗೆ ಬಾಟ್ ಉತ್ತರಿಸಲೇಬೇಕಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಮನುಷ್ಯರ ಖಾತೆಯಲ್ಲಿ ಓಡುವ ಪ್ರೋಗ್ರಾಂಗೆ ಬಾಟ್ ಎಂಬ ಗುರುತೂ ಇರದು. ಎರಡಕ್ಕೂ ಮದ್ದು, ಒಬ್ಬರಿಗೆ ಇಷ್ಟು ಹೊತ್ತಿನಲ್ಲಿ ಇಷ್ಟೇ ಉತ್ತರ ಎಂಬ ಮಿತಿ. ಯುನಿಕ್ಸ್‌ನ `vacation` ಪ್ರೋಗ್ರಾಂ, ಬೇರೆ ಹೇಳದಿದ್ದರೆ, ಒಬ್ಬರಿಗೆ ವಾರಕ್ಕೆ ಒಮ್ಮೆ ಮಾತ್ರ ಉತ್ತರಿಸುತ್ತದೆ.