ಪದ ಪರಿಚಯ: ಚೌವಿಹಾರ

ಚೌವಿಹಾರದಲ್ಲಿ ತಿರುಗಾಟದ ‘ವಿಹಾರ’ ಇಲ್ಲ. ಪದವನ್ನು ಒಡೆಯಬೇಕಾದದ್ದು ‘ಚೌವಿಹ + ಆಹಾರ’ ಎಂದು. ಪ್ರಾಕೃತದ ‘ಚಉವ್ವಿಹ’ ಎಂದರೆ ಸಂಸ್ಕೃತದ ‘ಚತುರ್ವಿಧ’. ಅಶನ, ಪಾನ, ಖಾದ್ಯ, ಸ್ವಾದ್ಯ ಎಂಬ ನಾಲ್ಕು ಬಗೆಯ ಆಹಾರವನ್ನೂ ಸೂರ್ಯಾಸ್ತದಿಂದ ಮರುದಿನದ ಸೂರ್ಯೋದಯದವರೆಗೆ ಬಿಡುವ ಜೈನ ನಿಯಮವಿದು. ಸ್ವಾದ್ಯವೆಂದರೆ ಊಟದ ಮೇಲೆ ಬಾಯಿಗೆ ಹಾಕಿಕೊಳ್ಳುವ ಲವಂಗ, ಏಲಕ್ಕಿ, ಅದೂ ಇಲ್ಲ. ನೀರೊಂದನ್ನು ಉಳಿಸಿಕೊಂಡರೆ ಅದು ‘ತಿವಿಹಾರ’. ಗುಜರಾತಿ, ಮಾರವಾಡಿ ಜೈನ ಮನೆಗಳಲ್ಲಿ ಚೌವಿಹಾರ ದಿನಬಳಕೆಯ ಮಾತು.

ವರ್ಷವಿಡೀ ಪಾಲಿಸಲಾಗದ ಹಲವರು ಮಳೆಗಾಲದ ಚಾತುರ್ಮಾಸದಲ್ಲಿ ಈ ವ್ರತ ಹಿಡಿಯುತ್ತಾರೆ. ಆಗ ಹುಳುಹುಪ್ಪಟೆ ಹೆಚ್ಚೆಂದು ಸೊಪ್ಪನ್ನೂ ಬಿಡುತ್ತಾರೆ. ಸೂರ್ಯ 6.50ಕ್ಕೆ ಮುಳುಗುವುದಾದರೆ ಎರಡು ಗಳಿಗೆ, ಅಂದರೆ 48 ನಿಮಿಷ ಮೊದಲು, 6.02ಕ್ಕೇ ಕೈತೊಳೆಯುವವರಿದ್ದಾರೆ. ಮೋಡ ಕವಿದ ಸಂಜೆ ಆಕಾಶವನ್ನು ನಂಬಬೇಡಿ, ಪಂಚಾಂಗ ನೋಡಿ.