ಅರ್ಧ ಬ್ಯಾಂಡ್ ಕಡಿಮೆ ಬಂದಾಗ: ಐಇಎಲ್‌ಟಿಎಸ್ ಮರುಮೌಲ್ಯಮಾಪನಕ್ಕೆ ಹಣ ಕಟ್ಟಬೇಕೇ?

ವಿದೇಶದಲ್ಲಿ ಓದಲು, ನರ್ಸಿಂಗ್ ಕೆಲಸಕ್ಕೆ ಸೇರಲು ಅಥವಾ ಕಾಯಂ ವಾಸದ ಅರ್ಜಿ ಹಾಕಲು ಐಇಎಲ್‌ಟಿಎಸ್ ಬರೆಯುವ ಕನ್ನಡಿಗರಲ್ಲಿ ಬಹಳ ಮಂದಿ ಎಡವುವುದು ಬರವಣಿಗೆಯಲ್ಲಿ, ಇಲ್ಲವೇ ಮಾತುಗಾರಿಕೆಯಲ್ಲಿ. ಬೇಕಿದ್ದದ್ದು 7, ಬಂದದ್ದು 6.5. ಮರುಮೌಲ್ಯಮಾಪನಕ್ಕೆ ಹಾಕೋಣವೇ, ಆ ಹಣವನ್ನು ಇನ್ನೊಂದು ಪರೀಕ್ಷೆಗೆ ಉಳಿಸಿಕೊಳ್ಳೋಣವೇ ಎಂಬ ಪ್ರಶ್ನೆ ಆಗ ಏಳುತ್ತದೆ.

ಪಿಯುಸಿಯ ಮರುಮೌಲ್ಯಮಾಪನದಂತಲ್ಲ

ಐಇಎಲ್‌ಟಿಎಸ್‌ನಲ್ಲಿ ಇದರ ಹೆಸರು ಎನ್‌ಕ್ವೈರಿ ಆನ್ ರಿಸಲ್ಟ್ಸ್. ಕೋಚಿಂಗ್ ಕೇಂದ್ರಗಳಲ್ಲಿ ಎಲ್ಲರೂ ಇ.ಒ.ಆರ್. ಎನ್ನುತ್ತಾರೆ. ನಮ್ಮ ಪಿಯುಸಿ ಪದ್ಧತಿಯಲ್ಲಿ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಂಡು, ಯಾವ ಪ್ರಶ್ನೆಗೆ ಅಂಕ ತಪ್ಪಿದೆ ಎಂದು ಉಪನ್ಯಾಸಕರಿಗೆ ತೋರಿಸಿ, ಆಮೇಲೆ ಅರ್ಜಿ ಹಾಕಬಹುದು. ಇಲ್ಲಿ ಆ ಸೌಲಭ್ಯ ಇಲ್ಲ. ನೀವು ಬರೆದ ಪ್ರಬಂಧ ನಿಮ್ಮ ಕೈಗೆ ಬರುವುದಿಲ್ಲ, ಮಾತಿನ ಧ್ವನಿಮುದ್ರಣ ಕೇಳಲು ಸಿಗುವುದಿಲ್ಲ, ಮರುಮೌಲ್ಯಮಾಪನದ ನಂತರವೂ ಎಲ್ಲಿ ಕಡಿಮೆಯಾಯಿತು ಎಂಬ ವಿವರಣೆ ದೊರೆಯುವುದಿಲ್ಲ. ಹಿರಿಯ ಪರೀಕ್ಷಕರೊಬ್ಬರು ಮೊದಲ ಅಂಕವನ್ನು ನೋಡದೆ ಬರಹವನ್ನು ಮತ್ತೆ ಓದುತ್ತಾರೆ ಅಥವಾ ಧ್ವನಿಮುದ್ರಣವನ್ನು ಮತ್ತೆ ಕೇಳುತ್ತಾರೆ. ನಿಮಗೆ ತಲುಪುವುದು ಅಂಕ ಬದಲಾಯಿತೇ ಇಲ್ಲವೇ ಎಂಬ ಉತ್ತರ ಮಾತ್ರ. ಬ್ಯಾಂಡ್ ಏರಿದರೆ ಕಟ್ಟಿದ ಶುಲ್ಕ ವಾಪಸ್, ಏರದಿದ್ದರೆ ಶುಲ್ಕ ಹೋದಂತೆಯೇ.

ಕೇಳುವಿಕೆ ಮತ್ತು ಓದಿನ ವಿಭಾಗಗಳಿಗೂ ಅರ್ಜಿ ಹಾಕಬಹುದು. ಆದರೆ ಅಲ್ಲಿ ನಲವತ್ತು ಪ್ರಶ್ನೆಗಳಿಗೆ ಸಿದ್ಧ ಉತ್ತರಗಳಿರುತ್ತವೆ, ಪರೀಕ್ಷಕರ ವಿವೇಚನೆಗೆ ಜಾಗವೇ ಇಲ್ಲ. ಹಾಗಾಗಿ ಅವುಗಳಿಗೆ ಹಣ ಕಟ್ಟಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಅರ್ಧ ಬ್ಯಾಂಡಿನ ಒಳಗೆ ಏನಿದೆ

ಬರವಣಿಗೆಯಲ್ಲಿ ಎರಡು ಕೆಲಸಗಳಿವೆ. ಜನರಲ್ ಟ್ರೈನಿಂಗ್‌ನಲ್ಲಿ ಮೊದಲನೆಯದು ಪತ್ರ, ಅಕಾಡೆಮಿಕ್‌ನಲ್ಲಿ ನಕ್ಷೆ ಅಥವಾ ಅಂಕಿಅಂಶಗಳ ವಿವರಣೆ. ಎರಡರಲ್ಲೂ ಎರಡನೆಯದು ಪ್ರಬಂಧ. ಪ್ರಬಂಧಕ್ಕೆ ಮೊದಲ ಕೆಲಸದ ಎರಡು ಪಟ್ಟು ತೂಕ. ಪ್ರತಿಯೊಂದನ್ನೂ ನಾಲ್ಕು ಅಳತೆಗಳಿಂದ ತೂಗುತ್ತಾರೆ: ಕೇಳಿದ್ದಕ್ಕೆ ಉತ್ತರ ಕೊಟ್ಟಿದೆಯೇ, ವಿಚಾರಗಳು ಒಂದಕ್ಕೊಂದು ಹೊಂದಿಕೊಂಡಿವೆಯೇ, ಪದಸಂಪತ್ತು ಹೇಗಿದೆ, ವ್ಯಾಕರಣ ಹೇಗಿದೆ.

ಈಗ ಲೆಕ್ಕ ನೋಡಿ. ಪ್ರಬಂಧದ ಒಂದು ಅಳತೆಯಲ್ಲಿ ಪರೀಕ್ಷಕರು 6ರ ಬದಲು 7 ಕೊಟ್ಟರೆ ಬರವಣಿಗೆಯ ಒಟ್ಟು ಸರಾಸರಿ ಏರುವುದು ಆರನೇ ಒಂದರಷ್ಟು. ಪತ್ರದಲ್ಲಿ ಅದೇ ಬದಲಾವಣೆ ಆದರೆ ಹನ್ನೆರಡನೇ ಒಂದರಷ್ಟು. ನಿಮ್ಮ ಸರಾಸರಿ 7ರ ಗಡಿಯಲ್ಲಿದ್ದು 6.5ಕ್ಕೆ ಇಳಿದಿದ್ದರೆ ಒಂದೇ ಅಳತೆಯ ಬದಲಾವಣೆ ಸಾಕು. ತೀರಾ ಕೆಳಗಿದ್ದರೆ ಪ್ರಬಂಧದ ಮೂರು ಅಳತೆಗಳಲ್ಲಾದರೂ ಪರೀಕ್ಷಕರ ಅಭಿಪ್ರಾಯ ಬದಲಾಗಬೇಕು. ಕಷ್ಟ ಇರುವುದು ಇಲ್ಲೇ: ಅಂಕಪಟ್ಟಿಯಲ್ಲಿ ಈ ಬಿಡಿ ಅಂಕಗಳು ಇರುವುದಿಲ್ಲ, 6.5ರೊಳಗೆ ನೀವು ಮೇಲಿದ್ದೀರೋ ಕೆಳಗಿದ್ದೀರೋ ಗೊತ್ತಾಗುವುದಿಲ್ಲ. ಒಂದು ಮಾತು ಮಾತ್ರ ಸ್ಪಷ್ಟ. ಅರ್ಧ ಬ್ಯಾಂಡ್ ಕಡಿಮೆಯಾದಾಗ ಆಸೆ ಇಟ್ಟುಕೊಳ್ಳಲು ಆಧಾರವಿದೆ. ಪೂರ್ತಿ ಒಂದು ಬ್ಯಾಂಡ್ ಕಡಿಮೆಯಾದಾಗ ಅಂಥ ಆಧಾರ ಬಹುಮಟ್ಟಿಗೆ ಇಲ್ಲ.

ಒಂದು ಪ್ರಕರಣ: ಕೆನಡಾದ ಅರ್ಜಿ

ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಎಂದುಕೊಳ್ಳಿ. ಅವಿವಾಹಿತೆ, ಸ್ನಾತಕೋತ್ತರ ಪದವಿ ಇದೆ, ಭಾರತದಲ್ಲೇ ಮೂರು ವರ್ಷಕ್ಕೂ ಹೆಚ್ಚಿನ ಅನುಭವ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಗಾಗಿ ಬರೆದ ಪರೀಕ್ಷೆಯಲ್ಲಿ ಕೇಳುವಿಕೆ 8.5, ಓದು 7.5, ಬರವಣಿಗೆ 6.5, ಮಾತು 7.5 ಬಂದಿದೆ.

ಕೆನಡಾದವರು ಈ ಬ್ಯಾಂಡ್‌ಗಳನ್ನು ತಮ್ಮ ಸಿಎಲ್‌ಬಿ ಎಂಬ ಭಾಷಾ ಮಟ್ಟಕ್ಕೆ ಹೊಂದಿಸುತ್ತಾರೆ. ಸಿಎಲ್‌ಬಿ 9 ಆಗಬೇಕಾದರೆ ಕೇಳುವಿಕೆಯಲ್ಲಿ 8, ಉಳಿದ ಮೂರರಲ್ಲಿ ತಲಾ 7 ಇರಬೇಕು. ಈಕೆಗೆ ಬರವಣಿಗೆಯೊಂದೇ ಅಡ್ಡಿ. ಅದು 7 ಆದರೆ ಭಾಷೆಗೆ ನೇರವಾಗಿ ಸಿಗುವ ಅಂಕ 23ರಿಂದ 31ಕ್ಕೆ ಏರುತ್ತದೆ, ಅಂದರೆ 8 ಹೆಚ್ಚು. ನಿಜವಾದ ಲಾಭ ಬೇರೆ ಕಡೆ ಇದೆ: ನಾಲ್ಕೂ ವಿಭಾಗಗಳು ಸಿಎಲ್‌ಬಿ 9 ಮುಟ್ಟಿದಾಗ ವಿದ್ಯಾಭ್ಯಾಸದ ಜೊತೆ ಸೇರಿ ಬರುವ ಅಂಕ 25ರಿಂದ 50 ಆಗುತ್ತದೆ, ವಿದೇಶಿ ಅನುಭವದ ಜೊತೆ ಸೇರಿ ಬರುವ ಅಂಕವೂ 25ರಿಂದ 50 ಆಗುತ್ತದೆ. ಎಲ್ಲ ಕೂಡಿದರೆ ಅರ್ಧ ಬ್ಯಾಂಡಿಗೆ 58 ಅಂಕ. ಅರ್ಜಿ ಹಾಕಲು ಆಹ್ವಾನ ಬರುವುದೋ ಇಲ್ಲವೋ ಎಂಬುದನ್ನು ಇಷ್ಟು ಅಂಕಗಳೇ ತೀರ್ಮಾನಿಸಬಲ್ಲವು. ಈಕೆ ಮರುಮೌಲ್ಯಮಾಪನಕ್ಕೆ ಹಾಕುವುದೇ ಸರಿ. ಕಳೆದುಕೊಳ್ಳುವುದೆಂದರೆ ಒಂದು ಶುಲ್ಕ, ಸಿಗಬಹುದಾದದ್ದು ಅದಕ್ಕಿಂತ ಎಷ್ಟೋ ದೊಡ್ಡದು.

ಆದರೂ ಹಣ ಕಟ್ಟುವ ಮೊದಲು ಆಕೆ ಪರೀಕ್ಷೆಯ ದಿನವನ್ನು ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಬೇಕು. ಪತ್ರದ ಪ್ರಶ್ನೆಯಲ್ಲಿ ಕೊಟ್ಟಿದ್ದ ಮೂರು ಅಂಶಗಳನ್ನೂ ಬರೆದಿದ್ದಳೇ? ಪ್ರಬಂಧ 250 ಪದ ಮುಟ್ಟಿತ್ತೇ? ಕೊನೆಯ ಪ್ಯಾರಾ ಅರ್ಧಕ್ಕೆ ನಿಂತಿತ್ತೇ? ಎರಡೂ ಪಕ್ಷಗಳನ್ನು ಚರ್ಚಿಸಿ ಎಂದಿದ್ದಾಗ ಒಂದನ್ನೇ ಬರೆದಳೇ? ಇವುಗಳಲ್ಲಿ ಯಾವುದಾದರೂ ಆಗಿದ್ದರೆ ಎರಡನೆಯ ಪರೀಕ್ಷಕರಿಗೂ ಅದೇ ಕೊರತೆ ಕಾಣುತ್ತದೆ. ಮಾತಿನ ವಿಭಾಗವಾದರೆ ಎರಡನೆಯ ಭಾಗದಲ್ಲಿ ಒಂದು ನಿಮಿಷವೂ ತುಂಬದೆ ನಿಂತದ್ದು, ಮೂರನೆಯ ಭಾಗದಲ್ಲಿ ಒಂದೇ ವಾಕ್ಯದ ಉತ್ತರ ಕೊಟ್ಟದ್ದು ಧ್ವನಿಮುದ್ರಣದಲ್ಲಿ ಹಾಗೆಯೇ ಉಳಿದಿರುತ್ತದೆ.

ಬೇಡ ಎನ್ನಬೇಕಾದ ಸಂದರ್ಭಗಳು

ಉಳಿದ ಮೂರು ವಿಭಾಗಗಳಲ್ಲಿ 8.5 ಇದ್ದು ಬರವಣಿಗೆಯಲ್ಲಿ 6 ಬಂದರೆ, ತಪ್ಪಾಗಿರಲೇಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ವಿಭಾಗಗಳ ನಡುವೆ ಇಷ್ಟು ಅಂತರವಿರುವ ಫಲಿತಾಂಶಗಳನ್ನು ಪ್ರಕಟಿಸುವ ಮೊದಲೇ ಇನ್ನೊಮ್ಮೆ ಮೌಲ್ಯಮಾಪನ ಮಾಡಿಸುವ ವ್ಯವಸ್ಥೆ ಐಇಎಲ್‌ಟಿಎಸ್‌ನಲ್ಲೇ ಇದೆ. ದೊಡ್ಡ ಅಂತರವೊಂದೇ ಹಣ ಕಟ್ಟಲು ಅಷ್ಟು ಗಟ್ಟಿ ಕಾರಣವಲ್ಲ.

ವಿಶ್ವವಿದ್ಯಾಲಯ ಒಟ್ಟು ಬ್ಯಾಂಡ್ ಮಾತ್ರ ಕೇಳುತ್ತಿದ್ದರೆ ಮೊದಲು ಸರಾಸರಿ ಹಾಕಿ. 6.5, 7, 6, 7 ಬಂದವರ ಸರಾಸರಿ 6.625, ಒಟ್ಟು 6.5. ಬರವಣಿಗೆಯ 6 ಅರ್ಧ ಏರಿದರೆ ಸರಾಸರಿ 6.75 ಆಗಿ ಒಟ್ಟು 7 ಆಗುತ್ತದೆ. 6.5, 6.5, 6, 6.5 ಬಂದವರಿಗೆ ಅದೇ ಅರ್ಧ ಏರಿದರೂ ಒಟ್ಟು 6.5ರಲ್ಲೇ ಇರುತ್ತದೆ. ಎರಡನೆಯವರು ಮರುಮೌಲ್ಯಮಾಪನದಲ್ಲಿ ಗೆದ್ದರೂ ಪ್ರವೇಶಕ್ಕೆ ಅದರಿಂದ ಉಪಯೋಗವಿಲ್ಲ.

ಕೆಲವರಿಗೆ ಬೇರೆ ದಾರಿಯೂ ಇದೆ. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳುವವರಿಗೆ ಬರವಣಿಗೆಯಲ್ಲಿ 6.5, ಉಳಿದ ಮೂರರಲ್ಲಿ 7 ಬೇಕು. ಆದರೆ ಅಲ್ಲಿನ ನರ್ಸಿಂಗ್ ಮಂಡಳಿ ಕೆಲವು ಷರತ್ತುಗಳೊಂದಿಗೆ ಎರಡು ಪರೀಕ್ಷೆಗಳ ಅಂಕಗಳನ್ನು ಸೇರಿಸಿ ನೋಡುತ್ತದೆ. ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆದವರಿಗೆ ಒಂದೇ ವಿಭಾಗವನ್ನು 60 ದಿನಗಳೊಳಗೆ ಮತ್ತೆ ಬರೆಯುವ ಅವಕಾಶವೂ ಇದೆ. ಆ ಅಂಕವನ್ನು ಎಲ್ಲ ಸಂಸ್ಥೆಗಳೂ ಒಪ್ಪುವುದಿಲ್ಲ, ಆದ್ದರಿಂದ ನೀವು ಅರ್ಜಿ ಹಾಕುವ ಕಡೆ ಮೊದಲೇ ಕೇಳಿ.

ಗಡುವು ಮತ್ತು ಸಮಯ

ಫಲಿತಾಂಶ ಬಂದ ದಿನದಿಂದ ಎಣಿಸಬೇಡಿ. ಪರೀಕ್ಷೆ ಬರೆದ ದಿನಾಂಕದಿಂದ ಆರು ವಾರಗಳೊಳಗೆ, ಪರೀಕ್ಷೆ ಬರೆದ ಕೇಂದ್ರದ ಮೂಲಕವೇ ಅರ್ಜಿ ಹಾಕಬೇಕು. ಯಾವ ವಿಭಾಗ ಎಂಬುದನ್ನು ಅರ್ಜಿಯಲ್ಲೇ ಆರಿಸಬೇಕು. ಉತ್ತರ ಬರಲು ಮೂರು ವಾರಗಳವರೆಗೂ ಹಿಡಿಯಬಹುದು. ನಿಮ್ಮ ವೀಸಾ ಅಥವಾ ಪ್ರವೇಶದ ಕೊನೆಯ ದಿನ ಅದಕ್ಕಿಂತ ಹತ್ತಿರದಲ್ಲಿದ್ದರೆ ಉತ್ತರಕ್ಕಾಗಿ ಕಾಯುತ್ತ ಕೂರದೆ ಮುಂದಿನ ಪರೀಕ್ಷೆಯ ದಿನಾಂಕವನ್ನೂ ಈಗಲೇ ಕಾಯ್ದಿರಿಸಿಕೊಳ್ಳಿ.